ಮಾಲೂರಿಗೆ ಬರೆದ ಕಾರ್ಡುಗಳು

ನಾನು ಬದುಕಿನಲ್ಲಿ ಅತಿ ಹೆಚ್ಚು ಪೋಸ್ಟ್‌ಕಾರ್ಡು ಬರೆದಿರುವುದು ನನ್ನ ಗಂಡನಿಗಲ್ಲ, ಮಾಲೂರಿನ ಒಂದು ಕಾರ್ಖಾನೆಯ ಪರ್ಸನಲ್ ಆಫೀಸರಿಗೆ. ಇದು ಗಂಡನಿಗೂ ಗೊತ್ತು. ನಾನು ತವರಿಗೆ ಹೋಗಿ ನಾಲ್ಕು ದಿನ ಸುದ್ದಿ ಕೊಡದಿದ್ದರೆ, "ನಾನೂ ಪರ್ಸನಲ್ ಆಫೀಸರ್ ಆಗಬೇಕಿತ್ತು" ಎಂದು ಈಗಲೂ ಛೇಡಿಸುತ್ತಾರೆ.

ಎಂಬತ್ತರ ದಶಕದ ನಡುಭಾಗದ ಮಾತು. ನನಗೆ ಇಪ್ಪತ್ತಮೂರು ವರ್ಷ. ಮನೆ ಯಲ್ದೂರಿನಲ್ಲಿ, ಕೆಲಸ ಶ್ರೀನಿವಾಸಪುರದ ಹತ್ತಿರ ಮಾವಿನಹಣ್ಣಿನ ತಿರುಳು ತೆಗೆದು ಡಬ್ಬಿಗೆ ತುಂಬುವ ಒಂದು ಸಣ್ಣ ಕಾರ್ಖಾನೆಯಲ್ಲಿ. ನಾನು ಅಲ್ಲಿನ ಏಕಮಾತ್ರ ಟೈಪಿಸ್ಟ್. ಸೀಸನ್ನಿನ ಮೂರು ತಿಂಗಳು ಉಸಿರು ಬಿಡಲು ಪುರಸೊತ್ತಿಲ್ಲ. ಟೈಪ್‌ರೈಟರಿನ ಮೇಲೂ ನೊಣ, ನನ್ನ ಮೇಲೂ ನೊಣ. ಉಳಿದ ತಿಂಗಳುಗಳಲ್ಲಿ ಮಾಲೀಕರು, "ಅಗತ್ಯ ಬಿದ್ರೆ ಹೇಳಿ ಕಳಿಸ್ತೀನಮ್ಮ" ಎನ್ನುತ್ತಿದ್ದರು. ಆ ಅಗತ್ಯ ವಾರಕ್ಕೆ ಎರಡು ದಿನ ಬಿದ್ದರೆ ಹೆಚ್ಚು. ಹೀಗಾಗಿ, ಮಾಲೂರಿನಲ್ಲಿ ಹೊಸದಾಗಿ ಶುರುವಾಗುತ್ತಿದ್ದ ರಟ್ಟಿನ ಪೆಟ್ಟಿಗೆ ಕಾರ್ಖಾನೆಗೆ ಟೈಪಿಸ್ಟ್ ಬೇಕೆಂಬ ಜಾಹೀರಾತು ಪೇಪರಿನಲ್ಲಿ ಕಂಡ ದಿನವೇ ಅರ್ಜಿ ಹಾಕಿದೆ. ವರ್ಷವಿಡೀ ಕೆಲಸ, ವರ್ಷವಿಡೀ ಸಂಬಳ. ಇದಕ್ಕಿಂತ ದೊಡ್ಡ ಕನಸು ನನಗಿರಲಿಲ್ಲ.

ಸಂದರ್ಶನಕ್ಕೆ ಹೋಗಿ ಬಂದೆ. ಹದಿನೈದು ದಿನಕ್ಕೆ ರಿಜಿಸ್ಟರ್ ಪೋಸ್ಟಿನಲ್ಲಿ ದಪ್ಪ ಲಕೋಟೆ ಬಂತು. ನಾನು ಮೊದಲನೆಯ ಪ್ಯಾರಾ ಓದಿದೆ, ಕೂಗಿದೆ, ಅಷ್ಟೇ. ಮಿಕ್ಕಿದ್ದು ಓದುವಷ್ಟರಲ್ಲಿ ಅಜ್ಜಿ ಲಕೋಟೆಯನ್ನು ಕೈಯಿಂದ ಕಿತ್ತುಕೊಂಡರು. ನಮ್ಮ ಮನೆಯಲ್ಲಿ ಮೊದಲ ಹಣ್ಣಾಗಲಿ, ಮೊದಲ ರೇಷ್ಮೆಗೂಡಾಗಲಿ, ಏನೇ ಒಳ್ಳೆಯದು ಬಂದರೂ ದೇವರಿಗೆ ಮೀಸಲು. ಮೀಸಲು ಎಂದರೆ ಮೀಸಲೇ, ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಅಜ್ಜಿ ಲಕೋಟೆಗೆ ನಾಲ್ಕು ಮೂಲೆಯಲ್ಲೂ ಅರಿಶಿನ ಹಚ್ಚಿ, ನಡುವೆ ಕುಂಕುಮವಿಟ್ಟು, ದೇವರ ಗೂಡಿನಲ್ಲಿ ಪಟದ ಹಿಂದೆ ಸಿಕ್ಕಿಸಿದರು. ಇನ್ನು ಅದನ್ನು ತೆಗೆಯುವುದು ನಾನು ಹೊಸ ಕೆಲಸಕ್ಕೆ ಹೊರಡುವ ದಿನ ಎಂದು ಅಪ್ಪಣೆಯಾಯಿತು.

"ಪೂರ್ತಿ ಓದಿಲ್ಲ ಅಜ್ಜೀ," ಎಂದೆ.

"ಕೆಲಸ ಕೊಟ್ಟವರೆ ಅಂತ ಬರ್ದಿಲ್ವೇನೆ? ಇನ್ನೇನ್ ಓದ್ತೀಯ?" ಎಂದರು. ನನಗೂ ಅದು ಸರಿ ಅನ್ನಿಸಿತು. ಸಂತೋಷ ಬಂದಾಗ ನನಗೆ ಬುದ್ಧಿ ಸ್ವಲ್ಪ ಕಮ್ಮಿಯಾಗುತ್ತದೆ.

ಮಾರನೆಯ ದಿನ ರಾಜೀನಾಮೆ ಕೊಟ್ಟೆ. ನಮ್ಮ ಕಾರ್ಖಾನೆಯ ನೇಮಕದ ಕಾಗದದಲ್ಲಿ ಎರಡು ತಿಂಗಳ ನೋಟಿಸು ಎಂದಿತ್ತು. ಮಾಲೀಕರು ಅದನ್ನು ಓದಿ, ಮೇ ಒಂದನೇ ತಾರೀಕಿನಿಂದ ಲೆಕ್ಕ ಹಾಕಿ, ಜೂನ್ ಕಡೆಯ ದಿನ ಬಿಡುವುದಾಗಿ ನನ್ನ ಕಾಗದದ ಮೇಲೇ ಬರೆದು ರುಜು ಹಾಕಿದರು. ಸಂದರ್ಶನದಲ್ಲಿ ಮಾಲೂರಿನವರಿಗೂ ನಾನು ಇದನ್ನೇ ಹೇಳಿದ್ದೆ, ಜುಲೈ ಒಂದಕ್ಕೆ ಬಂದರೆ ಸಾಕು ಎಂದಿದ್ದರು. ಇನ್ನೇನು ಯೋಚನೆ ಎಂದು ನಾನು ಬಿಲ್ಲು, ಚಲನ್ನು ಟೈಪು ಮಾಡುತ್ತಾ ಹಾಡು ಗುನುಗುತ್ತಿದ್ದೆ.

ನನ್ನ ಹಾಡು ನಿಲ್ಲಿಸಿದವರು ನಮ್ಮ ಗುಮಾಸ್ತರು. ಮುಳಬಾಗಿಲಿನ ಕಡೆಯವರು, ಐವತ್ತು ದಾಟಿದವರು, ಮೂರು ನಾಲ್ಕು ಕಡೆ ಕೆಲಸ ಮಾಡಿ ನುರಿತವರು. ನನ್ನನ್ನು ಅಮ್ಮಾಯಿ ಎಂದೇ ಕರೆಯುತ್ತಿದ್ದರು. ನೋಟಿಸು ಕೊಟ್ಟು ಮೂರು ವಾರವಾಗಿತ್ತು. ಮಧ್ಯಾಹ್ನ ಮುದ್ದೆಯ ಡಬ್ಬಿ ತೆಗೆಯುತ್ತಾ, "ಏನಮ್ಮಾಯಿ, ಮಾಲೂರಿನವರು ಏನಂತಾರೆ?" ಎಂದರು.

"ಏನೂ ಅನ್ನಲ್ಲ ಸಾರ್. ಕೆಲಸ ಕೊಟ್ರಲ್ಲ."

"ನೀನೇನ್ ಬರ್ದೆ?"

"ನಾನ್ಯಾಕ್ ಬರೀಲಿ?"

ಅವರು ಮುದ್ದೆಯನ್ನು ಕೆಳಗಿಟ್ಟರು. ಊಟದ ನಡುವೆ ಮುದ್ದೆ ಕೆಳಗಿಡುವ ಮನುಷ್ಯರಲ್ಲ ಅವರು, ಹಾಗಾಗಿ ನನಗೆ ಗಾಬರಿಯಾಯಿತು. "ಅಬ್ಬೋ! ಎರಡನೇ ಪ್ರತಿಗೆ ಸೈನ್ ಮಾಡಿ ಕಳಿಸ್ಲಿಲ್ವ? ಒಪ್ಕೊಂಡಿದೀನಿ ಅಂತ ಒಂದು ಸಾಲು ಬರೀಲಿಲ್ವ? ಲೆಟರಲ್ಲಿ ಎಷ್ಟ್ ದಿನ ಅಂತ ಹಾಕಿದ್ರು?"

ಲೆಟರಿನಲ್ಲಿ ಏನು ಹಾಕಿದ್ದರೆಂದು ಗೊತ್ತಿದ್ದದ್ದು ದೇವರಿಗೆ ಮಾತ್ರ, ಅದೂ ಅವನು ಪಟದ ಹಿಂದಕ್ಕೆ ತಿರುಗಿ ಓದಿದ್ದರೆ. ಗುಮಾಸ್ತರಿಗೆ ಮೀಸಲಿನ ಕಥೆ ಹೇಳಿದೆ. ಅವರು ನಗಲಿಲ್ಲ. "ಇಲ್ಲಿ ರಾಜೀನಾಮೆ ಪಾಸಾಗಿದೆ. ಅಲ್ಲಿ ನೀನು ಬರ್ತೀಯ ಅನ್ನೋದು ಯಾರಿಗೂ ಗೊತ್ತಿಲ್ಲ. ಎರಡೂ ಕಡೆ ಇಲ್ದಂಗಾಯ್ತೀಯ ನೋಡು," ಎಂದರು.

ಅವತ್ತು ಸಂಜೆ ಮನೆಗೆ ಹೋದವಳೇ ದೇವರ ಗೂಡಿಗೆ ಕೈ ಹಾಕಿದೆ. ಅಜ್ಜಿ ಅಡ್ಡ ಬಂದರು. ಅಜ್ಜಿಗೆ ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗಿಗೆ ಹೋಗುತ್ತಿದ್ದರು: "ಮಾಟ ಇಚ್ಚಿನಾರು ಕದಾ, ಮಳ್ಳಾ ಏಮಿ?" ಮಾತು ಕೊಟ್ಟಾಗಿದೆಯಲ್ಲ, ಮತ್ತೇನು, ಎಂದು. ಅವರ ಲೋಕದಲ್ಲಿ ಮಾತು ಕೊಟ್ಟವರಿಗೆ ಮತ್ತೆ ಬರೆಯುವುದೆಂದರೆ ಅವರನ್ನು ನಂಬುವುದಿಲ್ಲ ಎಂದು ಮುಖಕ್ಕೆ ಹೇಳಿದ ಹಾಗೆ. ನಾನು ಮೊದಲ ಸಲ ಅಜ್ಜಿಯ ಮೇಲೆ ರೇಗಿದೆ. ಅಮ್ಮ ನಡುವೆ ಬಂದು, ದೇವರಿಗೆ ತುಪ್ಪದ ದೀಪ ಹಚ್ಚಿ ಕ್ಷಮೆ ಕೇಳಿ, ಲಕೋಟೆಯನ್ನು ತೆಗೆದುಕೊಟ್ಟಳು.

ಎರಡು ಪ್ರತಿ ಇದ್ದವು. "ಎರಡನೆಯ ಪ್ರತಿಗೆ ಸಹಿ ಹಾಕಿ, ಸೇರುವ ತಾರೀಕು ತಿಳಿಸಿ, ಹತ್ತು ದಿನದೊಳಗೆ ಹಿಂದಿರುಗಿಸಬೇಕು, ಇಲ್ಲವಾದರೆ ಈ ನೇಮಕ ರದ್ದಾದಂತೆ" ಎಂದು ಇಂಗ್ಲಿಷಿನಲ್ಲಿ ಕೊನೆಯ ಪ್ಯಾರಾದಲ್ಲಿ ಸ್ಪಷ್ಟವಾಗಿ ಟೈಪಾಗಿತ್ತು. ಬೇರೆಯವರ ಕಾಗದವಾಗಿದ್ದರೆ ಅಲ್ಪವಿರಾಮ ತಪ್ಪಿದ್ದೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಅವತ್ತು ರಾತ್ರಿಯೇ ಎರಡನೆಯ ಪ್ರತಿಗೆ ಸಹಿ ಹಾಕಿದೆ.

ಬೆಳಿಗ್ಗೆ ಶ್ರೀನಿವಾಸಪುರದ ಪೋಸ್ಟಾಫೀಸಿನಲ್ಲಿ ಮಾಲೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾದೆ. ಕಾರ್ಖಾನೆಯಲ್ಲೂ ಫೋನಿತ್ತು, ಆದರೆ ಅದು ಮಾಲೀಕರ ಮೇಜಿನ ಮೇಲಿತ್ತು. ಒಂದೂವರೆ ಗಂಟೆಯ ಮೇಲೆ ಲೈನ್ ಸಿಕ್ಕಿತು. ಆ ಕಡೆ ಯಾರೋ ಗಂಡಸು, ನನ್ನ ಹೆಸರು ಹೇಳಿದ್ದಕ್ಕೆ, "ನೀವಾ? ನೀವು ಬರಲ್ಲ ಅಂತ ಮಾಡಿದ್ವಲ್ಲ!" ಎಂದರು. ಅಷ್ಟರಲ್ಲಿ ಗೊರಗೊರ ಎಂದು ಲೈನು ಹೋಯಿತು. ದುಡ್ಡು ಕಟ್ಟಿದ್ದ ಮೂರು ನಿಮಿಷದಲ್ಲಿ ಎರಡು ನಿಮಿಷ ನಾನು ಹಲೋ ಹಲೋ ಎಂದದ್ದೇ.

ಇನ್ನು ಫೋನಿನ ಸಹವಾಸ ಬೇಡವೆಂದು ಮಾರನೆಯ ದಿನ ರಜೆ ಹಾಕಿ, ಕೋಲಾರದಲ್ಲಿ ಬಸ್ಸು ಬದಲಾಯಿಸಿ ಮಾಲೂರಿಗೆ ಹೋದೆ. ನೇಮಕಾತಿ ನೋಡಿಕೊಳ್ಳುವ ಪರ್ಸನಲ್ ಆಫೀಸರು ನಲವತ್ತರ ಆಸುಪಾಸಿನವರು, ದಪ್ಪ ಕನ್ನಡಕ, ಮೆತ್ತಗಿನ ಮಾತು. ಕಾರ್ಖಾನೆಯಲ್ಲಿ ಇನ್ನೂ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ನಾನು ಸಹಿ ಮಾಡಿದ ಪ್ರತಿಯನ್ನೂ, ಮಾಲೀಕರು ರುಜು ಹಾಕಿದ ರಾಜೀನಾಮೆಯ ನಕಲನ್ನೂ ಮೇಜಿನ ಮೇಲಿಟ್ಟೆ. ಅವರು ಪ್ರತಿಯನ್ನು ಬೆಳಕಿಗೆ ಹಿಡಿದರು. ಅರಿಶಿನ ಒಳಗಿನ ಹಾಳೆಗೂ ಇಳಿದಿತ್ತು.

"ಇದೇನಮ್ಮ, ಲಗ್ನಪತ್ರಿಕೆನಾ?"

ನಡೆದದ್ದು ನಡೆದ ಹಾಗೆ ಹೇಳಿದೆ. ಸುಳ್ಳು ಹೇಳಲು ತೋಚಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ನಗು ತಡೆಯಲೋ ಏನೋ. ಆಮೇಲೆ ಹೇಳಿದ್ದು ಮಾತ್ರ ನಗುವ ಮಾತಲ್ಲ.

"ನೋಡಮ್ಮ, ನೀವು ಬರೋದು ಜುಲೈಗೆ. ನಿಮ್ಮನ್ನ ನಾನೊಬ್ಬನೇ ಆರಿಸಿದ್ದಲ್ಲ. ಮೇಲಿನವರು ಸೋಮವಾರ ಸೋಮವಾರ ಕೇಳ್ತಾರೆ, ಆ ಹುಡುಗಿ ಬರ್ತಾಳೇನ್ರೀ ಅಂತ. ನಂಗೆ ಗೊತ್ತಿಲ್ಲ ಸಾರ್ ಅಂತ ಎಷ್ಟ್ ಸಲ ಹೇಳ್ಲಿ? ವೇಟಿಂಗ್ ಲಿಸ್ಟ್‌ನಲ್ಲಿ ಇನ್ನೊಬ್ರು ಇದಾರೆ, ಟೇಕಲ್ ಕಡೆಯವರು. ಅವರು ವಾರ ವಾರ ಬರೀತಾರೆ. ನೀವು ಇವತ್ತು ಬರದೇ ಇದ್ದಿದ್ರೆ ನಾಳಿದ್ದು ಅವರಿಗೆ ಆರ್ಡರ್ ಹೋಗ್ತಿತ್ತು."

ಅವರು ಒಳಗೆ ಹೋಗಿ ಮೇಲಿನವರ ಹತ್ತಿರ ಮಾತಾಡಿ ಬಂದರು. ಆ ಇಪ್ಪತ್ತು ನಿಮಿಷ ಗೋಡೆಗೆ ಬಳಿಯುತ್ತಿದ್ದ ಸುಣ್ಣವನ್ನೇ ನೋಡುತ್ತಿದ್ದೆ. ವಾಪಸು ಬಂದವರು ನನ್ನ ಪ್ರತಿಯ ಮೇಲೆ ಸೀಲು ಹಾಕಿ, "ಆಯ್ತು. ಹದಿನೈದು ದಿನಕ್ಕೊಂದ್ಸಲ ನಾಲ್ಕು ಸಾಲು ಬರೀರಿ. ಏನಾದ್ರೂ ಬದಲಾದ್ರೆ ಅವತ್ತೇ ತಿಳಿಸಿ. ಅಷ್ಟು ಸಾಕು ನಂಗೆ," ಎಂದರು.

ಹದಿನೈದು ದಿನಕ್ಕೊಮ್ಮೆ ಎಂದದ್ದನ್ನು ನಾನು ವಾರಕ್ಕೊಮ್ಮೆ ಮಾಡಿಕೊಂಡೆ. ಹೆದರಿದವಳ ಲೆಕ್ಕವೇ ಬೇರೆ. ಟೇಕಲ್ಲಿನವರು ವಾರಕ್ಕೊಂದು ಬರೆದರೆ ನಾನು ಕಮ್ಮಿಯೇ?

ಆದರೆ ಬರೆಯುವುದೇನು? ಅಲ್ಲಿಯವರೆಗೆ ನಾನು ಬರೆದಿದ್ದ ಕಾಗದಗಳೆಲ್ಲ ನೆಂಟರಿಗೆ. ಆ ಅಭ್ಯಾಸದಲ್ಲೇ ಮೊದಲ ಕಾರ್ಡು ಶುರು ಮಾಡಿದೆ: "ನಾವೆಲ್ಲರೂ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುವುದು." ಅಮ್ಮ ಪಕ್ಕದಲ್ಲಿ ಕೂತು, "ಮಕ್ಳು ಎಷ್ಟು, ಏನ್ ಓದ್ತಾ ಅವ್ರೆ ಕೇಳೇ. ಸುಮ್ನೆ ಕೆಲಸದ್ ಮಾತೇ ಆಡಿದ್ರೆ ಚೆನ್ನಾಗಿರಲ್ಲ," ಎಂದಳು. ಕೇಳಿದೆ. ಯಲ್ದೂರಿನಲ್ಲಿ ಮಳೆ ಬಿದ್ದದ್ದನ್ನೂ, ಈ ಸಲ ಬಾದಾಮಿ ಮಾವಿನ ಕಾಯಿ ಚೆನ್ನಾಗಿ ಕಚ್ಚಿರುವುದನ್ನೂ ಬರೆದೆ. ಜಾಗ ಮುಗಿದದ್ದರಿಂದ ಕೆಲಸದ ವಿಷಯ ವಿಳಾಸದ ಪಕ್ಕಕ್ಕೆ ಹೋಗಿ ಕೂತಿತು.

ಗುಮಾಸ್ತರು ಎರಡನೆಯ ಕಾರ್ಡನ್ನು ಪೋಸ್ಟಿಗೆ ಹಾಕುವ ಮುಂಚೆ ತೋರಿಸೆಂದರು. ಓದಿ, "ನೀನು ಕೆಲಸಕ್ಕೆ ಹೋಗ್ತಿದೀಯೋ, ಬೀಗರ ಮನೆಗೋ?" ಎಂದು ಕೇಳಿ, ಹೇಗೆ ಬರೆಯಬೇಕೆಂದು ಬಾಯಲ್ಲೇ ಹೇಳಿಕೊಟ್ಟರು. ರಾಜೀನಾಮೆ ಒಪ್ಪಿಗೆಯಾಗಿದೆ. ಬಿಡುಗಡೆಯ ದಿನ ಇದು. ಸೇರುವ ದಿನ ಇದು, ಬದಲಾವಣೆಯಿಲ್ಲ. ಸರ್ಟಿಫಿಕೇಟುಗಳ ನಕಲು ಮಾಡಿಸಿದ್ದೇನೆ, ಇನ್ನೇನಾದರೂ ತರಬೇಕಾದರೆ ತಿಳಿಸಿ. ಅಷ್ಟೇ. ಇಲ್ಲಿನ ಟೈಪ್‌ರೈಟರಿನಲ್ಲಿ ಮಾತ್ರ ಹೊಡೆಯಬೇಡ, ಕೈಯಲ್ಲೇ ಬರೆ, ತಿನ್ನುವ ಅನ್ನ ಒಬ್ಬರದು ಹೊಗಳುವುದು ಇನ್ನೊಬ್ಬರನ್ನು ಅಂತಾಗಬಾರದು, ಎಂದರು.

ನಾನು ಇನ್‌ಲ್ಯಾಂಡ್ ಲೆಟರ್ ಬಿಟ್ಟು ಕಾರ್ಡನ್ನೇ ಹಿಡಿದದ್ದಕ್ಕೂ ಕಾರಣವಿತ್ತು. ಮದುವೆಯಾಗದ ಹುಡುಗಿ ವಾರ ವಾರ ಮಾಲೂರಿನ ಗಂಡಸೊಬ್ಬರಿಗೆ ಅಂಟಿಸಿದ ಕಾಗದ ಕಳಿಸಿದರೆ ಊರು ಸುಮ್ಮನಿರುತ್ತದೆಯೇ? ಕಾರ್ಡಾದರೆ ಯಾರು ಬೇಕಾದರೂ ಓದಿಕೊಳ್ಳಲಿ. ಓದಿಕೊಂಡರು ಕೂಡ. ನಮ್ಮೂರ ಪೋಸ್ಟ್‌ಮ್ಯಾನ್ ಡಬ್ಬಿಯಿಂದ ತೆಗೆದು ಚೀಲಕ್ಕೆ ಹಾಕುವಷ್ಟರಲ್ಲಿ ಓದಿ ಮುಗಿಸಿರುತ್ತಿದ್ದ. ಎದುರು ಸಿಕ್ಕರೆ, "ಏನಕ್ಕಾ, ಈ ವಾರ ಸರ್ಟಿಫಿಕೇಟ್ ವಿಷಯ ಮರ್ತೇ ಬಿಟ್ಟಿದೀರ?" ಎನ್ನುತ್ತಿದ್ದ. ಹಾಲಿನ ಡೈರಿಯ ಮುಂದೆ ಹೆಂಗಸರು ನನಗಿನ್ನು ಎಷ್ಟು ದಿನ ಉಳಿದಿದೆ ಎಂಬುದನ್ನು ನನಗಿಂತ ಸರಿಯಾಗಿ ಹೇಳುತ್ತಿದ್ದರು. ಅಪ್ಪನಿಗೆ ಮುಜುಗರವಾಗುತ್ತಿತ್ತು. ನನಗೂ ಆಗುತ್ತಿತ್ತು, ಆದರೆ ಕೆಲಸ ಹೋಗುವ ಭಯದ ಮುಂದೆ ಅದು ಯಾವ ಲೆಕ್ಕ?

ಮಾಲೂರಿನಿಂದ ಎರಡಕ್ಕೊಂದರಂತೆ ಉತ್ತರ ಬರುತ್ತಿತ್ತು, ಒಂದೇ ಸಾಲು: "ತಮ್ಮ ಪತ್ರ ತಲುಪಿದೆ." ಮೊದಲ ಉತ್ತರದಲ್ಲಿ ಮಾತ್ರ ಇನ್ನೂ ಒಂದು ಸಾಲಿತ್ತು. ಮಗಳು ಒಬ್ಬಳೇ, ಐದನೇ ಕ್ಲಾಸು. ಅಮ್ಮ ಅದನ್ನು ಬೀದಿಗೆಲ್ಲ ತೋರಿಸಿ ಬಂದಳು.

ಜೂನ್ ಮೂರನೆಯ ವಾರದಲ್ಲಿ ಮಾಲೀಕರು ಕರೆದರು. ಹೊಸ ಟೈಪಿಸ್ಟ್ ಸಿಕ್ಕಿರಲಿಲ್ಲ, ಕಾಯಿ ಮಾತ್ರ ಲಾರಿ ಲಾರಿ ಬಂದು ಬೀಳುತ್ತಿತ್ತು. ಮಾಲೀಕರ ದನಿಯಲ್ಲಿ ಅಷ್ಟೊಂದು ಅಕ್ಕರೆಯನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಯಾಕಮ್ಮಾ ಹೋಗ್ತೀಯ? ನಿನ್ನ ಮೇಜಿನ್ ಮೇಲೆ ಫ್ಯಾನ್ ಹಾಕಿಸ್ಕೊಡ್ತೀನಿ." ಮೂರು ಬೇಸಿಗೆ ನಾನು ರಟ್ಟಿನಲ್ಲಿ ಗಾಳಿ ಹಾಕಿಕೊಂಡಿದ್ದು ಅವರಿಗೆ ಆ ದಿನವೇ ಕಂಡಿತು. ಅವತ್ತು ಸಂಜೆ ಒಂದು ಮಂಕರಿ ರಸಪುರಿ ಹಣ್ಣು ನನಗಿಂತ ಮುಂಚೆ ಮನೆ ಸೇರಿತ್ತು. ಅಜ್ಜಿ ಒಂದು ಹಣ್ಣಿನ ರಸ ಹೀರುತ್ತಾ, "ಪಾಪ, ಒಳ್ಳೆ ಮನುಷ್ಯ," ಎಂದರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು, ಸುಳ್ಳೇಕೆ. ಸೀಸನ್ ಮುಗಿದ ಮೇಲೆ ಆ ಫ್ಯಾನಿನ ಕೆಳಗೆ ಯಾರೂ ಇರುವುದಿಲ್ಲ, ನಾನೂ ಇರುವುದಿಲ್ಲ ಎಂದು ನೆನಪಾದ ಮೇಲೆ ಮನಸ್ಸು ಗಟ್ಟಿಯಾಯಿತು.

ಮಾರನೆಯ ದಿನ ನಾನು ಒಲ್ಲೆ ಎಂದಾಗ ಮಾಲೀಕರು ಮಾತು ಬದಲಿಸಿದರು. ಹೋಗುವುದಾದರೆ ಹೋಗು, ಇನ್ನು ಹದಿನೈದು ದಿನ ಮಾಡಿಕೊಟ್ಟು ಹೋಗು ಎಂದರು. ಅವರ ಕಷ್ಟವೂ ನಿಜವೇ. ನಾನು ಹೂಂ ಎನ್ನುವವಳಿದ್ದೆ. ಬಾಗಿಲಲ್ಲಿ ನಿಂತಿದ್ದ ಗುಮಾಸ್ತರು ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗಾಯಿತು. "ಮಾಲೂರಿನವರನ್ನ ಕೇಳಿ ಹೇಳ್ತೀನಿ ಸಾರ್," ಎಂದೆ.

"ಅವರನ್ನ ಕೇಳೋದೇನು? ಇನ್ನೂ ನಮ್ ಕೆಲಸದಲ್ಲಿದೀಯ."

"ಅದಕ್ಕೇ ಸಾರ್ ಕೇಳಬೇಕು."

ಎಲ್ಲಿಂದ ಬಂತೋ ಆ ಧೈರ್ಯ. ಅವತ್ತೇ ಟ್ರಂಕ್ ಕಾಲ್ ಮಾಡಿದೆ. ಈ ಸಲ ಹಲೋ ಎಂದು ಒಂದೇ ಸಲ ಹೇಳಿ, ಕಾಗದದಲ್ಲಿ ಬರೆದುಕೊಂಡಿದ್ದ ಮೂರು ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಇಡೀ ಪೋಸ್ಟಾಫೀಸು ಕೇಳಿಸಿಕೊಂಡಿತು. ಆಫೀಸರು ಆ ಕಡೆಯಿಂದ, "ಹದಿನೈದು ದಿನ ಆಗಲ್ಲಮ್ಮ, ಮೆಷಿನ್ ಶುರುವಾಗುತ್ತೆ. ಒಂದು ವಾರ. ಜುಲೈ ಎಂಟಕ್ಕೆ ಇಲ್ಲಿರಬೇಕು. ಫೋನಲ್ಲಿ ಹೇಳಿದ್ದನ್ನ ಕಾರ್ಡಲ್ಲೂ ಬರೆದು ಹಾಕಿ," ಎಂದರು. ಅಲ್ಲೇ ಕೌಂಟರಿನಲ್ಲಿ ನಿಂತು ಕಾರ್ಡು ಬರೆದೆ. ನಾಲ್ಕನೆಯ ದಿನ ಅವರಿಂದಲೂ ಅದೇ ತಾರೀಕು ಹಾಕಿದ ಕಾಗದ ಬಂತು. ಅದನ್ನು ಮಾಲೀಕರ ಮುಂದಿಟ್ಟೆ. ಗೊಣಗಿದರು, ಆದರೆ ಏಳನೆಯ ತಾರೀಕು ಸಂಜೆ ಬಿಡುಗಡೆಯ ಪತ್ರ ಕೊಟ್ಟರು. ಅದನ್ನು ಟೈಪು ಮಾಡಿದವಳೂ ನಾನೇ. ಗುಮಾಸ್ತರು ಬಸ್‌ಸ್ಟ್ಯಾಂಡಿನವರೆಗೆ ಬಂದು, "ಇನ್ಮೇಲೆ ನಂಗೂ ಒಂದು ಕಾರ್ಡ್ ಹಾಕು ಅಮ್ಮಾಯಿ," ಎಂದರು. ನನಗೆ ಅಳು ಬಂತು.

ಜುಲೈ ಎಂಟರಂದು ಬೆಳಿಗ್ಗೆ ಒಂಬತ್ತಕ್ಕೆ ಮುಂಚೆಯೇ ಮಾಲೂರಿನ ಆಫೀಸಿನಲ್ಲಿದ್ದೆ. ಗೋಡೆಗಳು ಬೆಳ್ಳಗಾಗಿದ್ದವು. ಹೊಸ ಟೈಪ್‌ರೈಟರ್, ಅದರ ಮೇಲೆ ಒಂದೇ ಒಂದು ನೊಣವಿಲ್ಲ. ಸೇರಿದ್ದೇನೆಂದು ಬರೆದುಕೊಟ್ಟೆ. ಆಫೀಸರು ಅದನ್ನು ತೆಗೆದುಕೊಂಡು, ಒಂದು ಫೈಲನ್ನು ನನ್ನ ಮುಂದೆ ಇಟ್ಟರು.

"ಮೊದಲನೇ ಕೆಲಸ ಇದು. ವೇಟಿಂಗ್ ಲಿಸ್ಟಿನವರಿಗೆ ಇಲ್ಲ ಅಂತ ಬರೀಬೇಕು. ವಿಳಾಸ ಒಳಗಿದೆ."

ತೆರೆದೆ. ನನ್ನ ಕಾರ್ಡುಗಳು ಒಂದು ಕಡೆ ದಾರ ಪೋಣಿಸಿ ಇದ್ದವು. ಇನ್ನೊಂದು ಕಡೆ ಟೇಕಲ್ಲಿನವರವು. ಎಣಿಸಿದರೆ ನನ್ನವಕ್ಕಿಂತ ಹೆಚ್ಚು. ಅಕ್ಷರ ನನ್ನದಕ್ಕಿಂತ ದುಂಡಗೆ. ಒಂದರಲ್ಲೂ ಮಳೆ, ಮಾವು, ಮಕ್ಕಳ ಕ್ಷೇಮ ಇರಲಿಲ್ಲ. ಯಾರೂ ಹೇಳಿಕೊಡದೆ ಸರಿಯಾಗಿಯೇ ಬರೆದಿದ್ದರು. ಹುದ್ದೆ ಖಾಲಿಯಾದರೆ ಮಾರನೆಯ ದಿನವೇ ಬರಬಲ್ಲೆ. ವಿಳಾಸ ಬದಲಾಗಿಲ್ಲ. ಸರ್ಟಿಫಿಕೇಟುಗಳು ಸಿದ್ಧವಿವೆ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದ ಆ ಮೂರು ವಾರದ ಕಾರ್ಡುಗಳನ್ನು ತಾರೀಕು ನೋಡಿ ಹುಡುಕಿದೆ. ಮೂರೂ ಇದ್ದವು. ಕಡೆಯದು ಹಿಂದಿನ ಶನಿವಾರದ್ದು.

ಇಷ್ಟು ದಿನ ನಾನು ಆ ಟೇಕಲ್ಲಿನ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಈಗ ನಾಚಿಕೆಯಾಯಿತು. ನನಗೆ ಸಿಕ್ಕದ್ದು ಅವನಿಗೆ ಸಿಗಲೆಂದು ಬಿಟ್ಟುಕೊಡುವಷ್ಟು ದೊಡ್ಡವಳು ನಾನಲ್ಲ, ಆ ಕುರ್ಚಿಯಿಂದ ಯಾರು ಎಬ್ಬಿಸಿದರೂ ನಾನು ಏಳುತ್ತಿರಲಿಲ್ಲ. ಆದರೂ ಕಾಗದ, ಕಾರ್ಬನ್ನು ಜೋಡಿಸಿ ಮೆಷಿನ್ನಿಗೆ ಏರಿಸಿದ ಮೇಲೆ ಬೆರಳು ಓಡಲಿಲ್ಲ.

"ಸಾರ್, ಮುಂದೆಯೂ ಬರೀತಾ ಇರಿ ಅಂತ ಹಾಕ್ಲಾ?" ಎಂದೆ.

ಆಫೀಸರು ಅಡ್ಡಡ್ಡ ತಲೆಯಾಡಿಸಿದರು. "ಬೇಡಮ್ಮ. ಸದ್ಯಕ್ಕೆ ಬೇರೆ ಹುದ್ದೆ ಇಲ್ಲ. ಹಾಗಂದ್ರೆ ಅವರು ನಿಜವಾಗ್ಲೂ ಬರೀತಾರೆ."

ಸರಿ ಎಂದೆ. ಹುದ್ದೆ ಭರ್ತಿಯಾಗಿದೆ ಎಂದು ಎರಡು ಸಾಲು ಹೊಡೆದೆ. ಅದರ ಕೆಳಗೆ ಆಫೀಸರನ್ನು ಕೇಳಿಯೇ ಇನ್ನೊಂದು ಸಾಲು ಸೇರಿಸಿದೆ: ತಮ್ಮ ಎಲ್ಲ ಪತ್ರಗಳೂ ತಲುಪಿವೆ.